ಸಾರ್, ಟ್ರಯಲ್ ಏನಾಯ್ತು?

'ಸಾರ್, ಟ್ರಯಲ್ ಏನಾಯ್ತು?' ಇಷ್ಟೇ ಮೆಸೇಜು. ಹೆಸರಿರಬೇಕಾದ ಜಾಗದಲ್ಲಿ ಹತ್ತಂಕಿಯ ನಂಬರು, ಮುಖವಿರಬೇಕಾದ ಜಾಗದಲ್ಲಿ ಹುಲಿಯ ಮೇಲೆ ಕೂತ ಮಲೆ ಮಹದೇಶ್ವರ. ಮಾದಪ್ಪನೇ ಬಂದು ಕೆಲಸ ಕೇಳಿದರೆ ಇಲ್ಲ ಅನ್ನುವ ಧೈರ್ಯ ನನಗಿಲ್ಲ. ಆದರೆ ಯಾವ ಟ್ರಯಲ್, ಯಾವತ್ತಿನದು, ಬಂದಾತ ಎಲೆಕ್ಟ್ರಿಷಿಯನ್ನೋ ಡ್ರೈವರೋ ಅನ್ನುವುದಾದರೂ ಗೊತ್ತಾಗಬೇಡವೆ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಸೋಸಿಯೇಷನ್ ಸೆಕ್ರೆಟರಿ ಎಂಬ ಹುದ್ದೆಯಿದೆ. ಮೀಟಿಂಗಿಗೆ ತಡವಾಗಿ ಹೋದವರಿಗೆ ಅದನ್ನು ಕೊಡುತ್ತಾರೆ. ನನಗೆ ಕೊಟ್ಟ ವಾರದಲ್ಲೇ ಹಳೆಯ ಎಲೆಕ್ಟ್ರಿಷಿಯನ್ ಊರಲ್ಲಿ ಅಡಿಕೆ ಕೊಯ್ಲಿದೆ ಅಂತ ಹೋದವರು ತಿರುಗಿ ಬರಲಿಲ್ಲ. 'ಎಲೆಕ್ಟ್ರಿಷಿಯನ್ ಬೇಕಾಗಿದ್ದಾರೆ' ಎಂದು ಗೇಟಿಗೆ ಅಂಟಿಸಿದ ಚೀಟಿಯಲ್ಲಿ ನನ್ನ ನಂಬರು ಹಾಕಿದರು. ಮೂರನೇ ಮಹಡಿಯ ಹಿರಿಯರೊಬ್ಬರು ಅದರ ಕೆಳಗೇ 'ಡ್ರೈವರ್ ಸಹ' ಎಂದು ಪೆನ್ನಿನಲ್ಲಿ ಸೇರಿಸಿ, ತಮ್ಮ ನಂಬರು ಬರೆಯುವುದನ್ನು ಮರೆತರು. ಅಂದಿನಿಂದ ನನ್ನ ಫೋನು ಎರಡೂ ಕಸುಬಿನವರ ದರ್ಬಾರು.

ಡ್ರೈವರ್ ಟ್ರಯಲ್‌ನಲ್ಲಿ ಮೆಸೇಜಿಗೆ ಕೆಲಸವೇ ಇಲ್ಲ. ಹಿರಿಯರು ಪಕ್ಕದಲ್ಲಿ ಕೂತು, ಬೇಸ್‌ಮೆಂಟಿನಿಂದ ಮೇಲೆ ಬರುವ ರ‍್ಯಾಂಪಿನ ನಡುವೆ ಗಾಡಿ ನಿಲ್ಲಿಸಲು ಹೇಳುತ್ತಾರೆ. ಮತ್ತೆ ಹೊರಡುವಾಗ ಗಾಡಿ ಹಿಂದಕ್ಕೆ ಜಾರಿತೋ, ಕ್ಲಚ್ಚಿನ ವಾಸನೆ ಬಂತೋ, ಹ್ಯಾಂಡ್‌ಬ್ರೇಕ್ ಹಿಡಿದು ಹದವಾಗಿ ಬಿಟ್ಟನೋ, ಇಷ್ಟರಲ್ಲಿ ತೀರ್ಪು ಆಗಿಹೋಗಿರುತ್ತದೆ. ಕೀಲಿ ವಾಪಸು ಕೊಡುವಾಗ ಹಿರಿಯರ ಮುಖ ನೋಡಿದರೆ ಡ್ರೈವರಿಗೂ ತಿಳಿಯುತ್ತದೆ. ಆದರೂ ಕೇಳುತ್ತಾರೆ, ಅದು ಬೇರೆ ಮಾತು.

ಎಲೆಕ್ಟ್ರಿಷಿಯನ್ ಟ್ರಯಲ್ ಹಾಗಲ್ಲ. ಸಂಜೆ ಸ್ವಿಚ್ ಹಾಕಿದರೆ ಲೈಟು ಉರಿಯುತ್ತದೆ, ಎಲ್ಲರೂ ಭೇಷ್ ಅನ್ನುತ್ತಾರೆ. ಒಳಗೆ ಸ್ಕ್ರೂ ಬಿಗಿಯಾಗಿದೆಯೋ ಇಲ್ಲವೋ ಎಂಬುದು ಆ ಜಾಗ ಬಿಸಿಯಾಗಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ನೂ ಇರುವುದಿಲ್ಲ, ಸೆಕ್ರೆಟರಿಯೂ ಬದಲಾಗಿರುತ್ತಾನೆ.

ನಮ್ಮಲ್ಲಿ ಟ್ರಯಲ್ ಅಂತ ಕೊಟ್ಟದ್ದು ಕ್ಲಬ್‌ಹೌಸಿನ ಡಿಬಿ. ಅಲ್ಲಿ ಎಲ್ಲ ಸರ್ಕೀಟಿಗೂ ಸೇರಿ ಒಂದೇ ಆರ್‌ಸಿಸಿಬಿ, 30 ಮಿಲಿಆಂಪಿನದು. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲಿನಲ್ಲಿ ವಾಪಸು ಬಂದಿದೆಯೇ ಎಂದು ಅದು ನೋಡುತ್ತಿರುತ್ತದೆ. ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಕಂಡರೆ ಟಪ್ಪೆಂದು ಬೀಳುತ್ತದೆ. ನಮ್ಮದು ಅಡುಗೆಕೋಣೆಯ ಗೀಸರ್ ಹಾಕಿದ ಕೂಡಲೇ ಬೀಳುತ್ತಿತ್ತು. ಅದೂ ಮಳೆ ಬಂದ ಮೇಲೆ ಒಂದೆರಡು ದಿನ ಮಾತ್ರ. ಒಣಗಿದರೆ ಏನೂ ಆಗಿಲ್ಲವೆಂಬಂತೆ ನಿಂತಿರುತ್ತಿತ್ತು.

ಮೊದಲು ಬಂದಾತ ಗೀಸರಿನತ್ತ ಒಮ್ಮೆ ನೋಡಿ, 'ಕಾಯಿಲ್ ಹೋಗಿದೆ ಸಾರ್, ಹೊಸದು ಹಾಕಿ' ಅಂದ. ಅನುಭವದ ಮಾತೇ. ಎಷ್ಟೋ ಕಡೆ ಕಾಯಿಲೇ ಹೋಗಿರುತ್ತದೆ. ಎರಡನೆಯಾತ ಒಂದು ಹೆಜ್ಜೆ ಮುಂದೆ ಹೋಗಿ ಆರ್‌ಸಿಸಿಬಿಯನ್ನೇ ಕಿತ್ತು ಬಿಸಾಕಿ ಅಂದ. ಅದಿದ್ದರೆ ತಾನೆ ಬೀಳುವುದು! ಕೆಮ್ಮು ಬರದಿರಲಿ ಅಂತ ಗಂಟಲು ಕೊಯ್ಯುವ ವೈದ್ಯ.

ಮೂರನೆಯವರು ಹಾವೇರಿ ಕಡೆಯವರು. ಹಿಂದಿನ ರಾತ್ರಿ ಚೆನ್ನಾಗಿ ಮಳೆಯಾಗಿತ್ತು. ಅವರು ಗೀಸರ್ ಮುಟ್ಟಲಿಲ್ಲ. ಗೇಟಿನ ಬಳಿ ಇಸ್ತ್ರಿ ಮಾಡುವವರ ಮನೆಯಿಂದ ಕರೆಂಟಿನ ಇಸ್ತ್ರಿಪೆಟ್ಟಿಗೆ ಈಸಿಕೊಂಡು ಬಂದು ಬೇರೊಂದು ಸಾಕೆಟ್ಟಿಗೆ ಹಾಕಿದರು. ಟಪ್. 'ಗೀಸರಿಂದು ತಪ್ಪಿಲ್ರಿ' ಅಂದರು. ಸಿಕ್ಕಿಬಿದ್ದವನು ಒಬ್ಬ, ಕದ್ದವನು ಇನ್ನೊಬ್ಬ ಅಂತಾಯಿತು.

ಆಮೇಲಿನದೇ ನಿಜವಾದ ಕೆಲಸ. ಒಂದೊಂದೇ ಎಂಸಿಬಿ ಕೆಳಗಿಳಿಸಿ ಕಳ್ಳನನ್ನು ಹುಡುಕುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ನಮ್ಮ ಡಿಬಿಯಲ್ಲಿರುವಂಥ ಒಂಟಿ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೆಯೇ ಉಳಿದಿರುತ್ತದೆ. ಎಲ್ಲೋ ಒಂದು ನ್ಯೂಟ್ರಲ್ ಅರ್ಥಿಗೆ ತಾಗಿದ್ದರೆ, ಆ ಸರ್ಕೀಟಿನ ಎಂಸಿಬಿ ಇಳಿಸಿದರೂ ದೋಷ ಜೀವಂತ. ಬೇರೆ ಯಾವುದೋ ದೊಡ್ಡ ಲೋಡ್ ಹಾಕಿದಾಗ ವಾಪಸಾಗುವ ಕರೆಂಟಿನಲ್ಲಿ ಒಂದಿಷ್ಟು ಆ ಕಳ್ಳದಾರಿ ಹಿಡಿದು ಭೂಮಿಗೆ ಇಳಿಯುತ್ತದೆ. ಲೆಕ್ಕ ತಪ್ಪುತ್ತದೆ, ಆರ್‌ಸಿಸಿಬಿ ಬೀಳುತ್ತದೆ, ಬೈಗುಳ ಗೀಸರಿಗೆ.

ಅವರು ಮೇನ್ ಇಳಿಸಿ, ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು, ನ್ಯೂಟ್ರಲ್ ಲಿಂಕಿನಿಂದ ವೈರುಗಳನ್ನೆಲ್ಲ ಬಿಚ್ಚಿದರು. ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಟೇಪಿನ ಚೂರು ಸುತ್ತಿ ನಂಬರು ಬರೆದುಕೊಂಡದ್ದನ್ನು ನೋಡಿಯೇ ನನಗೆ ಅರ್ಧ ನೆಮ್ಮದಿಯಾಯಿತು. ಮಲ್ಟಿಮೀಟರಿನ ಒಂದು ಕಡ್ಡಿ ಅರ್ಥ್ ಪಟ್ಟಿಗೆ, ಇನ್ನೊಂದು ಒಂದೊಂದೇ ನ್ಯೂಟ್ರಲಿಗೆ. ಸುಮ್ಮನಿತ್ತು, ಸುಮ್ಮನಿತ್ತು, ಆಮೇಲೊಂದು ವೈರು ಮುಟ್ಟಿದಾಗ ಕೀ ಅಂತ ಕೂಗಿತು. ಗಾರ್ಡನ್ ಲೈಟಿನದು. ದಾಸವಾಳದ ಗಿಡದ ಬುಡದಲ್ಲಿದ್ದ ಕಂಬದ ಮುಚ್ಚಳ ತೆಗೆದರೆ ಒಳಗೆ ನೀರು, ಇರುವೆಗೂಡು, ಮತ್ತು ಕೊಳೆತ ಟೇಪಿನೊಳಗಿಂದ ಇಣುಕಿ ಕಬ್ಬಿಣಕ್ಕೆ ಒರಗಿದ್ದ ನ್ಯೂಟ್ರಲ್ ಜಾಯಿಂಟು.

ಜಾಯಿಂಟನ್ನು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ನೆಲಮಟ್ಟದಿಂದ ಮೇಲೆತ್ತಿ ಕಟ್ಟಿದರು. ಗೀಸರ್ ಹಾಕಿದೆವು, ನಿಂತಿತು. ವೈರ್‌ಮನ್ ಪರ್ಮಿಟ್ಟಿನ ಜೆರಾಕ್ಸ್ ಕೊಟ್ಟು ಹೊರಟರು. ಟ್ರಯಲ್ ಹೆಸರಿನಲ್ಲಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವ ಪದ್ಧತಿ ಊರಲ್ಲೆಲ್ಲ ಇದೆ. ನಾಲ್ಕು ಜನರಿಗೆ ಟ್ರಯಲ್ ಕೊಟ್ಟು ನಾಲ್ಕು ರಿಪೇರಿ ಮುಗಿಸಿ, 'ಸದ್ಯಕ್ಕೆ ಯಾರೂ ಬೇಡ' ಅನ್ನುವ ಜಾಣರನ್ನು ನಾನು ಬಲ್ಲೆ. ಅದಕ್ಕೇ ಅರ್ಧ ದಿನದ ಕೂಲಿ ಅಲ್ಲೇ ಕೊಟ್ಟುಬಿಡಿ ಎಂದು ಹಟ ಮಾಡಿದ್ದೆ. ಖಜಾಂಚಿಗಳು ವೋಚರ್ ಬರೆಯುವಾಗ 'ಯಾವ ಲೆಕ್ಕಕ್ಕೆ?' ಎಂದು ಕೇಳಿದ್ದರು. ಪರೀಕ್ಷಾ ಶುಲ್ಕವೆಂದು ಬರೆದುಕೊಳ್ಳಿ, ಪರೀಕ್ಷೆ ಮಾಡಿದವರೇ ಕೊಡುವ ಶುಲ್ಕ ಅಂದೆ.

ಮಾದಪ್ಪನ ಚಿತ್ರದ ಮೆಸೇಜು ಯಾರದೆಂದು ಕೊನೆಗೂ ಪತ್ತೆಯಾಗಲಿಲ್ಲ. ಗೀಸರ್ ಕಾಯಿಲಿನಾತ ಫಲಿತಾಂಶ ಕೇಳಲೇ ಇಲ್ಲ. ಬದಲಿಗೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳಿಸತೊಡಗಿದ. ಹಾವೇರಿಯವರ ಮೆಸೇಜು ಬಂದದ್ದು ಮೂರನೇ ದಿನ, ಬೆಳಗಿನ ಗಡಿಬಿಡಿಯೆಲ್ಲ ಕಳೆದ ಮೇಲೆ. ಹೆಸರೊಂದು ಬಿಟ್ಟು ಹಾಗೆಯೇ ಕೊಡುತ್ತೇನೆ:

'ನಮಸ್ಕಾರ ಸರ್. ಸೋಮವಾರ ನಿಮ್ಮ ಕ್ಲಬ್‌ಹೌಸಿನಲ್ಲಿ ಟ್ರಯಲ್ ಕೊಟ್ಟ ಎಲೆಕ್ಟ್ರಿಷಿಯನ್. ಗಾರ್ಡನ್ ಲೈಟಿನ ನ್ಯೂಟ್ರಲ್ ಅರ್ಥ್ ಆಗಿದ್ದು ತೆಗೆದಿದ್ದೆ. ಏನು ತೀರ್ಮಾನ ಆಯ್ತು ತಿಳಿಸ್ರಿ. ಬ್ಯಾಡ ಅಂದ್ರೂ ಹೇಳ್ರಿ, ಬೇರೆ ಕಡೆ ಶನಿವಾರದೊಳಗ ಉತ್ತರ ಕೊಡಬೇಕಾಗೇತಿ.'

ಯಾರು, ಯಾವತ್ತು, ಏನು ಮಾಡಿದ್ದು, ಯಾವಾಗ ಬೇಕು, ಎಲ್ಲವೂ ಇದೆ. ನೆನಪಿಸಿಕೊಳ್ಳುವ ಕಷ್ಟವನ್ನು ನನಗೆ ಬಿಟ್ಟಿಲ್ಲ. ಎಲ್ಲಕ್ಕಿಂತ ಹಿಡಿಸಿದ್ದು 'ಬ್ಯಾಡ ಅಂದ್ರೂ ಹೇಳ್ರಿ' ಎಂಬುದು. ನಮ್ಮವರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. 'ನೋಡೋಣ', 'ತಿಳಿಸ್ತೀವಿ' ಅಂದು ಫೋನು ಎತ್ತುವುದನ್ನೇ ಬಿಡುತ್ತಾರೆ. ಆ ಸಂಕೋಚವನ್ನು ಕೇಳುವವರೇ ಬಿಡಿಸಿಕೊಟ್ಟಿದ್ದರು. ಶನಿವಾರದ ಮಾತು ನಿಜವೋ ಚೌಕಾಶಿಯೋ ಎಂದು ಅಧ್ಯಕ್ಷರಿಗೆ ಅನುಮಾನ. ಚೌಕಾಶಿಯಾದರೂ ಮರ್ಯಾದೆಯ ಚೌಕಾಶಿ ಅಂದೆ.

ಉತ್ತರ ಮಾತ್ರ ನನ್ನ ಕೈಯಲ್ಲಿರಲಿಲ್ಲ, ಮಳೆಯ ಕೈಯಲ್ಲಿತ್ತು. ಮತ್ತೊಂದು ಮಳೆ ಬೀಳದೆ ಗೀಸರ್ ನಿಂತರೆ ಅದೇನು ಪಾಸಾದಂತೆಯೇ ಎಂದು ಅಧ್ಯಕ್ಷರ ವಾದ. ಅದನ್ನೇ ಬರೆದೆ: 'ಮಳೆ ಬಂದ ಮೇಲೆ ಹೇಳುತ್ತೇವೆ.' ಕೂಡಲೇ ಉತ್ತರ ಬಂತು: 'ಮಳಿ ಯಾಕ್ ಕಾಯ್ತೀರಿ ಸರ್, ಮಾಲಿಗೆ ಹೇಳಿ ಪೈಪಿನಾಗ ಕಂಬದ ಬುಡಕ್ಕ ನೀರ್ ಬಿಡಸ್ರಿ.'

ಬಿಡಿಸಿದೆವು. ಅಧ್ಯಕ್ಷರೇ ನಿಂತು ಅರ್ಧ ಗಂಟೆ ಬಿಡಿಸಿದರು. ಗೀಸರ್, ಇಸ್ತ್ರಿಪೆಟ್ಟಿಗೆ, ಗಾರ್ಡನ್ ಲೈಟು ಮೂರನ್ನೂ ಒಟ್ಟಿಗೆ ಹಾಕಿದರೂ ಆರ್‌ಸಿಸಿಬಿ ಅಲುಗಲಿಲ್ಲ. ಒಂದನೇ ತಾರೀಖಿನಿಂದ ಬನ್ನಿ ಎಂದು ಬರೆದದ್ದಕ್ಕೆ ಅವರು ಕೇಳಿದ್ದು ಇಷ್ಟೇ: ಡ್ಯೂಟಿ ಎಷ್ಟು ಗಂಟೆಗೆ, ಏಣಿ ನಿಮ್ಮದೋ ನಾನೇ ತರಬೇಕೋ?