ಸರಕಾರದೊಡನೆ ಒಂದು ರಾಜಿ

ಕಂಗ್ಟಿಯ ಮೋಟಾರ್ ಸೈಕಲ್ಲುಗಳಿಗೆ ಭಾಷೆಯ ತೊಂದರೆಯಿಲ್ಲ. ಬೆಳಿಗ್ಗೆ ನಾರಾಯಣಖೇಡದಲ್ಲಿ ತೆಲುಗಿನಲ್ಲಿ ಪೆಟ್ರೋಲು ಹಾಕಿಸಿಕೊಳ್ಳುತ್ತವೆ, ಮಧ್ಯಾಹ್ನ ಔರಾದ ಕಡೆಯ ಬೀಗರ ಮನೆಗೆ ಕನ್ನಡದಲ್ಲಿ ಹೋಗುತ್ತವೆ, ಮನಸ್ಸು ಬಂದರೆ ದೇಗಲೂರಿನ ಸಂತೆಗೆ ಮರಾಠಿಯಲ್ಲಿ ಹಾರನ್ ಹೊಡೆದು ಬರುತ್ತವೆ. ಗಡಿ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂಬುದು ಸವಾರನಿಗೂ ಗೊತ್ತಾಗುವುದಿಲ್ಲ, ಗಾಡಿಗೂ ಗೊತ್ತಾಗುವುದಿಲ್ಲ. ಅದನ್ನು ಖಚಿತವಾಗಿ ಬಲ್ಲದ್ದು ಒಂದೇ: ಚಲನ್.

1956ಕ್ಕೆ ಮುಂಚೆ ನಾರಾಯಣಖೇಡ ತಾಲ್ಲೂಕು ಬೀದರ ಜಿಲ್ಲೆಯೊಳಗೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಮೇದಕಕ್ಕೆ ಹೋಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯ ಪಾಲಾಯಿತು. ಹಿರಿಯರು ಇವತ್ತಿಗೂ ಈ ಬದಲಾವಣೆಯನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಮದುವೆ, ಮುಂಜಿವೆ, ದವಾಖಾನೆ, ಎಲ್ಲದಕ್ಕೂ ಬೀದರವೇ. ಆದರೆ ಹೆಲ್ಮೆಟ್ಟಿಲ್ಲದ ಒಂದೇ ತಲೆಗೆ ಬೀದರದಲ್ಲಿ ಒಂದು ದರ, ಸಂಗಾರೆಡ್ಡಿಯಲ್ಲಿ ಇನ್ನೊಂದು ದರ ಯಾಕೆ ಎಂದು ಕೇಳಿದರೆ, ಉತ್ತರಕ್ಕೆ 1956ರ ತನಕ ಹಿಂದೆ ಹೋಗಬೇಕಾಗುತ್ತದೆ.

ನಮ್ಮ ಓಣಿಯ ಕಾಕಾ ಒಬ್ಬರ ಬಳಿ ಇಂಥ ಚಲನ್‌ಗಳ ಒಳ್ಳೆಯ ಸಂಗ್ರಹವಿತ್ತು. ಈಗಿನ ಚಲನ್ ಅಂದರೆ ಪೊಲೀಸರು ಗಾಡಿ ಅಡ್ಡಹಾಕಿ ಹರಿದುಕೊಡುವ ಚೀಟಿಯಾಗಿಯೇ ಬರಬೇಕೆಂದಿಲ್ಲ. ಎಲ್ಲೋ ನಿಂತವರು ಫೋಟೋ ಹೊಡೆದಿರುತ್ತಾರೆ, ಗಾಡಿ ನಂಬರು ಹಾಕಿ ನೋಡಿದಾಗ ಮೊಬೈಲಿನಲ್ಲಿ ಅದು ಪ್ರತ್ಯಕ್ಷವಾಗುತ್ತದೆ. ಕಾಕಾನ ಮಗ ಒಂದು ದಿನ ಹೀಗೆ ತೆರೆದು ನೋಡಿದಾಗ ಸಂಗಾರೆಡ್ಡಿ ಕಡೆಯ ರಸ್ತೆಯಲ್ಲಿ ಕಾಕಾ, ಕಾಕು, ನಡುವೆ ಮೊಮ್ಮಗ, ಮೂವರೂ ನಗುತ್ತ ಹೋಗುತ್ತಿರುವ ಚಿತ್ರ ಸಿಕ್ಕಿತು. ಕಾಕುಗೆ ಬಹಳ ಖುಷಿಯಾಯಿತು. “ಮದಿವಿ ಆದಾಗಿಂದ ನಾವು ಜೋಡಿಲೆ ಒಂದ್ ಫೋಟೋ ಹೊಡಿಸ್ಕೊಂಡಿಲ್ಲ ನೋಡ್ರಿ. ಇದು ದೊಡ್ಡದು ಮಾಡಿಸಿ ಗ್ವಾಡಿಗಿ ಹಾಕ್ರಿ” ಅಂದರು. ಕೆಳಗೆ ಬರೆದಿದ್ದ ದಂಡದ ಮೊತ್ತವನ್ನು ಮಗ ಓದಿ ಹೇಳಿದ ಮೇಲೆ ಕಾಕಾ ಮಾತ್ರ, “ಅಷ್ಟು ಚೆಂದೇನ್ ಬಂದಿಲ್ಲ ಬಿಡು” ಎಂದರು.

ಒಟ್ಟು ಲೆಕ್ಕ ಹೀಗಿತ್ತು. ತೆಲಂಗಾಣದ ಚಲನ್‌ಗಳೆಲ್ಲ ಸೇರಿ ₹2,000. ಅದರ ಜೊತೆಗೆ ಬೀದರದಲ್ಲಿ ಹೆಲ್ಮೆಟ್ ಇಲ್ಲದೆ ಹೋದದ್ದಕ್ಕೆ ₹500. ಕಾಕಾ ಇವನ್ನು ತುಂಬದೆ ಹಾಗೇ ಇಟ್ಟುಕೊಂಡಿದ್ದರು. ಅವರ ವಾದ ಸರಳವಾಗಿತ್ತು: “ತಡದ್ರ ಕಮ್ಮಿ ಆಗ್ತದ.” ಈ ವಾದವನ್ನು ಅವರಿಗೆ ಕಲಿಸಿದ್ದು ಸರಕಾರವೇ. 2022ರ ಮಾರ್ಚಿನಲ್ಲಿ ತೆಲಂಗಾಣ ಸರಕಾರ ದ್ವಿಚಕ್ರ ವಾಹನಗಳ ಬಾಕಿ ಚಲನ್‌ಗೆ ಕಾಲುಭಾಗ ಕಟ್ಟಿದರೆ ಸಾಕು ಎಂದಿತು. ಆಗ ತುಂಬದವರಿಗೆ ಪಶ್ಚಾತ್ತಾಪವಾಗಲಿಲ್ಲ. ಯಾಕೆಂದರೆ 2023ರ ಡಿಸೆಂಬರ್ 26ರಿಂದ ಮತ್ತೆ ರಿಯಾಯತಿ ಶುರುವಾಗಿ, ದಿನಾಂಕ ಮುಂದಕ್ಕೆ ಹೋಗುತ್ತ ಹೋಗುತ್ತ 2024ರ ಫೆಬ್ರವರಿ 15ರವರೆಗೆ ನಡೆಯಿತು. ಈ ಸಲ ದ್ವಿಚಕ್ರಕ್ಕೆ ನೂರಕ್ಕೆ ಎಂಬತ್ತು ಮಾಫಿ. ಕಾಕಾನ ₹2,000 ಹೋಗಿ ₹400 ಆಯಿತು. ಮೊದಲ ಸಲವೇ ತುಂಬಿದ್ದರೆ ₹500 ಆಗುತ್ತಿತ್ತು. ಕಾದವರಿಗೆ ಬಡ್ಡಿ ಬೀಳುವುದನ್ನು ನಾವು ಕಂಡಿದ್ದೇವೆ, ಕಾದದ್ದಕ್ಕೆ ನೂರು ರೂಪಾಯಿ ಉಳಿಸಿಕೊಂಡ ಮನುಷ್ಯನನ್ನು ನಾನು ಅಲ್ಲೇ ನೋಡಿದ್ದು.

ಆದರೆ ಬೀದರದ ₹500 ಅಲ್ಲಾಡಲಿಲ್ಲ. “ಎಲ್ಲಾ ಕೂಡಿಸಿ ಒಂದೇ ಕಡಿ ತುಂಬಿದ್ರ ನಡಿಯಲ್ಲೇನು?” ಎಂದು ಕಾಕಾ ಕೇಳಿದರು. ನಡೆಯುವುದಿಲ್ಲ. ಮೋಟಾರು ವಾಹನ ಕಾಯಿದೆ ಇಡೀ ದೇಶಕ್ಕೆ ಒಂದೇ, 1988ರದ್ದು. ಅದರ 200ನೇ ಕಲಂ ಮಾತ್ರ ಒಂದು ಬಾಗಿಲನ್ನು ರಾಜ್ಯಗಳ ಕೈಗೆ ಕೊಟ್ಟಿದೆ. ಕೆಲವು ಅಪರಾಧಗಳನ್ನು ಎಷ್ಟು ಮೊತ್ತಕ್ಕೆ, ಯಾವ ಅಧಿಕಾರಿಯ ಮುಂದೆ ರಾಜಿ ಮಾಡಿಕೊಳ್ಳಬಹುದು ಎಂದು ಆಯಾ ರಾಜ್ಯ ಸರಕಾರ ಅಧಿಸೂಚನೆ ಹೊರಡಿಸಬಹುದು. 2019ರ ತಿದ್ದುಪಡಿ ಹೆಲ್ಮೆಟ್ಟಿಗೆ ₹1,000 ಎಂದು ಬರೆದ ಕೆಲವೇ ದಿನಗಳಲ್ಲಿ ಕರ್ನಾಟಕ ಅದನ್ನು ₹500ಕ್ಕೆ ಇಳಿಸಿದ್ದು ಇದೇ ಬಾಗಿಲಿನಿಂದ. ಹೀಗಾಗಿ ಒಂದು ರಾಜ್ಯದ ಮಾಫಿ ಇನ್ನೊಂದು ರಾಜ್ಯದ ಚಲನ್ನಿಗೆ ತಾಗುವುದಿಲ್ಲ. ಕಾಕಾ ಕರ್ನಾಟಕದ ಸರದಿಗಾಗಿ ಮತ್ತೆ ಕಾದರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಕರ್ನಾಟಕದಲ್ಲಿ ಅರ್ಧಕ್ಕೆ ಅರ್ಧ ರಿಯಾಯತಿ ಬಂತು, ಮರುದಿನ ರಾಷ್ಟ್ರೀಯ ಲೋಕ ಅದಾಲತ್. ₹250 ಕಟ್ಟಿ ಮುಗಿಸಿದರು.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ರಾಜಿ ಅಂದರೆ ಇಬ್ಬರ ನಡುವೆ ಆಗುವಂಥದ್ದು. ಬದುವಿನ ಜಗಳದಲ್ಲಿ ನೀನು ನನಗೆ ಹೊಡೆದೆ, ನಾನು ಕೇಸು ಹಾಕಿದೆ, ಆಮೇಲೆ ಹಿರಿಯರು ಕೂತು ಬಗೆಹರಿಸಿದರೆ ಅದು ರಾಜಿ. ಅಲ್ಲಿ ಪೆಟ್ಟು ತಿಂದವನು ಒಪ್ಪಬೇಕು. ಮೂವರು ಒಂದೇ ಗಾಡಿಯಲ್ಲಿ ಕೂತು ಹೋದರೆ ಪೆಟ್ಟು ಬಿದ್ದದ್ದು ಯಾರಿಗೆ? ಕಾಕುಗೆ ಬೆನ್ನುನೋವು ಬಂದಿರಬಹುದು, ಆದರೆ ಫಿರ್ಯಾದಿ ಆಕೆಯಲ್ಲ. ಇಲ್ಲಿ ಎದುರು ಪಕ್ಷ ಸರಕಾರವೇ. ನಿನ್ನ ಮೇಲೆ ಮೊಕದ್ದಮೆ ಹೂಡುವ ಹಕ್ಕು ನನಗಿದೆ, ಇಷ್ಟು ಕಟ್ಟಿದರೆ ಹೂಡುವುದಿಲ್ಲ, ಹೂಡಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ ಎಂದು ಅದು ಹೇಳುತ್ತದೆ. ಕಾಂಪೌಂಡಿಂಗ್ ಎಂದು ವಕೀಲರು ಹೇಳುವುದು ಇದನ್ನೇ. ಕಟ್ಟಿದ ಹಣ ಕೋರ್ಟು ವಿಧಿಸಿದ ಶಿಕ್ಷೆಯಲ್ಲ. ನ್ಯಾಯಾಧೀಶರು ನಿಮ್ಮನ್ನು ದೋಷಿ ಎನ್ನುವುದಿಲ್ಲ. ಆ ಅಪರಾಧಕ್ಕಾಗಿ ಮುಂದೆ ವಿಚಾರಣೆ ನಡೆಯುವುದಿಲ್ಲ.

ಈ ಮಾತು ಕೇಳಿದ ಕೂಡಲೇ ಕಾಕಾನ ಮುಖ ಅರಳಿತು. “ಅಂದ್ರ ಏನೂ ಆಗೇ ಇಲ್ಲ ಅಂದಂಗ!” ಪಕ್ಕದಲ್ಲಿ ಕೂತಿದ್ದ ಕಿರಾಣಿ ಅಂಗಡಿಯ ಸಾಹುಕಾರರಿಗೆ ಇದು ಸರಿಬೀಳಲಿಲ್ಲ. “ಅದ್ಹ್ಯಾಂಗ್ರಿ ಕಾಕಾ? ನಾ ಉದ್ರಿದಾಗ ಅರ್ಧ ಬಿಟ್ಟು ಲೆಕ್ಕ ಚುಕ್ತಾ ಮಾಡ್ತೀನಿ. ಹಾಳಿ ಹರದು ಒಗಿತೀನೇನು? ಮತ್ತ ಉದ್ರಿ ಕೇಳ್ಲಿಕ್ ಬಂದ್ರ ಅದೇ ಹಾಳಿ ತಗದು ನೋಡ್ತೀನಿ.” ಸಾಹುಕಾರರು ಕಾಯಿದೆ ಓದಿದವರಲ್ಲ, ಆದರೆ 2019ರಲ್ಲಿ 200ನೇ ಕಲಮಿಗೆ ಸೇರಿಸಿದ ಷರತ್ತು ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ರಾಜಿಯಾದ ಅಪರಾಧವನ್ನೂ ಹಿಂದಿನ ಅಪರಾಧವೆಂದೇ ಎಣಿಸಬೇಕು. ಕಾಯಿದೆಯಲ್ಲಿ ವಿಮೆಯಿಲ್ಲದೆ ಗಾಡಿ ಓಡಿಸಿದ್ದಕ್ಕೆ ಮೊದಲ ಸಲ ₹2,000, ಎರಡನೆಯ ಸಲ ₹4,000 ದಂಡವಿದೆ. ಮೊದಲನೆಯದನ್ನು ರಾಜಿಯಲ್ಲಿ ಮುಗಿಸಿದ್ದೇನೆ, ಆದ್ದರಿಂದ ಇದೇ ನನ್ನ ಮೊದಲನೆಯದು ಎನ್ನುವ ಹಾಗಿಲ್ಲ. ಹಣದಲ್ಲಿ ಮಾಫಿ ಇದೆ, ಎಣಿಕೆಯಲ್ಲಿ ಇಲ್ಲ. ಲೈಸೆನ್ಸ್ ಅಮಾನತಿಗೆ ಕಳಿಸುವ ಪ್ರಕ್ರಿಯೆ ಶುರುವಾಗಿದ್ದರೆ ಅದೂ ರಾಜಿಯಿಂದ ನಿಲ್ಲುವುದಿಲ್ಲ.

ಸಾಹುಕಾರರದ್ದೇ ಇನ್ನೊಂದು ಕತೆಯಿದೆ. ಅವರ ಹಳೆಯ ಮೊಪೆಡ್ಡಿಗೆ ಒಮ್ಮೆ ಸೀಟ್ ಬೆಲ್ಟ್ ಹಾಕಿಲ್ಲವೆಂದು ಚಲನ್ ಬಂತು. ಫೋಟೋ ತೆರೆದರೆ ಒಂದು ಬಿಳಿ ಕಾರು, ನಂಬರಿನ ಕೊನೆಯ ಒಂದು ಅಂಕಿ ಬೇರೆ. ಸಾಹುಕಾರರು ಮೊಪೆಡ್ಡನ್ನು ಸುತ್ತಲೂ ನೋಡಿ, “ಬೆಲ್ಟ್ ಎಲ್ಲಿ ಕಟ್ಲಿ, ಗೋಣಿಚೀಲಕ್ಕ ಕಟ್ಟಿದ್ದೇ ಅದ ಅಲಾ” ಎಂದು ನಿಟ್ಟುಸಿರುಬಿಟ್ಟರು. ರಿಯಾಯತಿ ಬಂದಾಗ ಪೀಡೆ ತೊಲಗಲಿ ಎಂದು ಅದನ್ನೂ ಕಟ್ಟಿಬಿಡಲು ಹೊರಟಿದ್ದರು. ತಡೆದದ್ದು ಒಳ್ಳೆಯದಾಯಿತು. ರಾಜಿ ಅಂದರೆ ವಾದ ಕೈಬಿಡುವುದು. ಲೋಕ ಅದಾಲತ್ತಿನ ತೀರ್ಪಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಮೇಲ್ಮನವಿಯೇ ಇಲ್ಲ. ತಪ್ಪು ನಂಬರಿನ ಚಲನ್ ಕಂಡರೆ ಮೊದಲು ಪೊಲೀಸರಿಗೆ ತಕರಾರು ಬರೆಯಬೇಕು, ಒಪ್ಪದಿದ್ದರೆ ರಾಜಿಗೆ ಒಲ್ಲೆನೆಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು. ಆಗ ರುಜುವಾತು ಮಾಡುವ ಹೊಣೆ ಪೊಲೀಸರದ್ದು. ಸಾಹುಕಾರರು ಆರ್‌ಸಿಯ ನಕಲು ಲಗತ್ತಿಸಿ ತಕರಾರು ಬರೆದರು, ಚಲನ್ ರದ್ದಾಯಿತು. ಅವತ್ತಿಂದ ಅವರು ಮೊಪೆಡ್ ಏರುವ ಮುಂಚೆ ಎದೆಯ ಮೇಲೆ ಅಡ್ಡ ಕೈ ಎಳೆದುಕೊಂಡು ಬೆಲ್ಟ್ ಹಾಕಿದಂತೆ ನಟಿಸುವುದುಂಟು.

ಅದಾಲತ್ತಿನ ದಿನ ಕೋರ್ಟಿನ ಆವರಣವೂ ನೋಡುವಂಥದ್ದೇ. ಬೇರೆ ದಿನ ಕರೆದರೂ ಬಾರದವರು ಅಂದು ಕರೆಯದೆ ಬಂದಿರುತ್ತಾರೆ. ನ್ಯಾಯಾಧೀಶರ ಪಕ್ಕ ವಕೀಲರೊಬ್ಬರು ಸದಸ್ಯರಾಗಿ ಕೂತಿರುತ್ತಾರೆ, ಕೋರ್ಟು ಶುಲ್ಕವಿಲ್ಲ, ಯಾರೂ ಜೋರಾಗಿ ವಾದಿಸುವುದಿಲ್ಲ. ಹೆಂಡತಿಯ ಜೀವನಾಂಶ, ಬ್ಯಾಂಕಿನ ಸಾಲ, ಬದುವಿನ ಜಗಳ, ಇವುಗಳ ನಡುವೆ ಚಲನ್‌ಗಳೂ ಸರದಿಯಲ್ಲಿ ನಿಂತಿರುತ್ತವೆ. ಅಲ್ಲೇ ಎಲ್ಲೋ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಒಬ್ಬ ಹುಡುಗನಿರುತ್ತಾನೆ. ಯಾರದೋ ಮದುವೆಯ ಬರಾತಿನಿಂದ ಮರಳುವಾಗ ಊದು ಯಂತ್ರಕ್ಕೆ ಊದಿದವನು. ಅವನಿಗೂ ಅರ್ಧ ರಿಯಾಯತಿ ಸಿಗುತ್ತದೆಂದು ಗೆಳೆಯರು ಹೇಳಿ ಕಳಿಸಿರುತ್ತಾರೆ.

ಸಿಗುವುದಿಲ್ಲ. ಕುಡಿದು ಗಾಡಿ ಓಡಿಸುವುದು 185ನೇ ಕಲಮಿನ ಅಪರಾಧ, 200ನೇ ಕಲಮಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ರಾಜಿಗೆ ಒಳಪಡದ ಅಪರಾಧವನ್ನು ಲೋಕ ಅದಾಲತ್ ಮುಟ್ಟುವಂತಿಲ್ಲ ಎಂದು ಅದರ ಕಾಯಿದೆಯೇ ಹೇಳುತ್ತದೆ. ಆ ಹುಡುಗ ಮ್ಯಾಜಿಸ್ಟ್ರೇಟರ ಮುಂದೆ ತಪ್ಪು ಒಪ್ಪಿಕೊಂಡು ದಂಡ ಕಟ್ಟಬಹುದು. ನೋಡುವವರಿಗೆ ಎರಡೂ ಒಂದೇ ಥರ: ಇಬ್ಬರೂ ಹಣ ಕಟ್ಟಿದರು, ಇಬ್ಬರೂ ರಸೀದಿ ತೆಗೆದುಕೊಂಡರು, ಇಬ್ಬರೂ ಹೊರಗೆ ಬಂದು ಚಹಾ ಕುಡಿದರು. ಆದರೆ ಕಾಕಾ ರಾಜಿ ಮಾಡಿಕೊಂಡು ಬಂದವರು, ಹುಡುಗ ಶಿಕ್ಷೆ ಪಡೆದು ಬಂದವನು. ಮೊದಲ ಸಲಕ್ಕೇ ಆರು ತಿಂಗಳ ತನಕ ಜೈಲು ಇಲ್ಲವೆ ₹10,000 ದಂಡ, ಅಥವಾ ಎರಡೂ ಎಂದು ಕಾಯಿದೆ ಬರೆದಿಟ್ಟಿದೆ. ಅಪ್ರಾಪ್ತ ಮಗನ ಕೈಗೆ ಕೀಲಿಕೈ ಕೊಟ್ಟ ತಂದೆಗೂ ರಾಜಿಯ ಬಾಗಿಲು ಮುಚ್ಚಿದೆ. ಅದು 199ಎ ಕಲಂ, ₹25,000 ದಂಡ, ಜೊತೆಗೆ ಮೂರು ವರ್ಷದ ತನಕ ಜೈಲು.

ಹಾಗಾಗಿ ಮುಂದಿನ ಅದಾಲತ್ತಿನ ಸುದ್ದಿ ಬಂದಾಗ ಓಡುವ ಮುಂಚೆ ಚಲನ್ ತೆರೆದು ಮೂರು ಸಂಗತಿ ನೋಡಿಕೊಳ್ಳಿ. ಫೋಟೋದಲ್ಲಿರುವ ಗಾಡಿ ನಿಮ್ಮದೇ ಹೌದೋ, ಚಲನ್ ಯಾವ ರಾಜ್ಯದ್ದು, ಹಾಕಿದ ಕಲಂ ರಾಜಿಗೆ ಒಳಪಡುತ್ತದೋ ಇಲ್ಲವೋ. ಹಣ ತುಂಬುವ ಜಾಲತಾಣದ ವಿಳಾಸ gov.in ಎಂದು ಮುಗಿಯಬೇಕು. ವಾಟ್ಸಾಪಿನಲ್ಲಿ ಬರುವ “ಚಲನ್” ಫೈಲು ಒತ್ತಿದರೆ ರಿಯಾಯತಿಯ ಬದಲು ಬ್ಯಾಂಕಿನ ಖಾತೆಯೇ ಖಾಲಿಯಾದೀತು. ಅನುಮಾನವಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನು ಮಾಡಿ ಕೇಳಿ, ಅದಕ್ಕೆ ದುಡ್ಡಿಲ್ಲ.