ಮಾನ್ಯರೇ ರಾಯರು

ಕೆಸರೆಯಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಸ್ಕೂಟರಿನಲ್ಲಿ ಹೋಗಿಬರುವ ಡಿಸ್ಪ್ಯಾಚ್ ಸೆಕ್ಷನ್ನಿನ ರಾಯರಿಗೆ ಫ್ಯಾಕ್ಟರಿಯಲ್ಲಿ ‘ಮಾನ್ಯರೇ’ ಎಂದೇ ಹೆಸರು. ಎದುರಿಗೆ ಸಿಕ್ಕರೆ ‘ಏನ್ಸಾರ್, ಕಾಫಿ ಆಯ್ತಾ’ ಎನ್ನುವ ಮನುಷ್ಯ, ವಾಟ್ಸಾಪ್ ತೆರೆದರೆ ಮಾತ್ರ ಮೈಮೇಲೆ ತಾಲ್ಲೂಕು ಕಚೇರಿ ಬಂದವರಂತಾಗುತ್ತಾರೆ.

ಜೂನ್ 12ರ ರಾತ್ರಿ ಹುಬ್ಬಳ್ಳಿಗೆ ಹೊರಟಿದ್ದ ಲಾರಿ ಅರಸೀಕೆರೆ ಹತ್ತಿರ ಗೇರ್‌ಬಾಕ್ಸ್ ಒಡೆದುಕೊಂಡು ನಿಂತಿತು. ಬೆಳಿಗ್ಗೆ ಮುಟ್ಟಬೇಕಾದ ಸರಕು ಬೇರೆ ಲಾರಿಯಲ್ಲಿ ಸಂಜೆ ಮುಟ್ಟಬೇಕು. ರಾಯರು ಗ್ರೂಪಿಗೆ ಬರೆದರು: ‘ಮಾನ್ಯರೇ, ವಿಷಯ: ಸರಕು ಸಾಗಣೆ ಕುರಿತು. ಉಲ್ಲೇಖ: ದೂರವಾಣಿ ಸಂಭಾಷಣೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ…’ ಲಾರಿ ಕೆಟ್ಟ ಸುದ್ದಿ ‘ಇನ್ನಷ್ಟು ಓದಿ’ ಗೆರೆಯ ಕೆಳಗಿತ್ತು. ಅದನ್ನು ಒತ್ತುವಷ್ಟು ಪುರುಸೊತ್ತು ಯಾರಿಗಿದೆ? ಹುಬ್ಬಳ್ಳಿ ಡಿಪೋದವರು ಹಮಾಲರನ್ನು ಬೆಳಿಗ್ಗೆಯೇ ಕರೆಸಿ ಮಧ್ಯಾಹ್ನದವರೆಗೆ ಕೂರಿಸಿದರು.

ಗಿರಾಕಿಗೆ ಹೋದ ಇಮೇಲಿನಲ್ಲಿ ರಾಯರ ಇನ್ನೊಂದು ಅವತಾರ. ವಿಷಯದ ಸಾಲಿನಲ್ಲಿ ‘ಹಾಯ್’. ಒಳಗೆ: ‘ಸರ್, ಆ ಗಾಡಿ ಕೈಕೊಡ್ತು. ಇವತ್ತು ಸಂಜೆ ಬರತ್ತೆ, ಸ್ವಲ್ಪ ನೋಡ್ಕೊಳ್ಳಿ.’ ಪಕ್ಕದಲ್ಲಿ ಕೈಮುಗಿದ ಇಮೋಜಿ. ಗಿರಾಕಿ ಅದನ್ನು ಅಕೌಂಟ್ಸಿಗೆ ಕಳಿಸಿದರು; ಅಲ್ಲಿಯವರು ಓದಿದ್ದು 14ರಂದು. ಯಾವ ಗಾಡಿ, ಯಾವ ಇವತ್ತು?

ಸೆಕ್ಷನ್ನಿಗೆ ಹೊಸದಾಗಿ ಬಂದ ಹುಡುಗಿ ಎರಡನ್ನೂ ಅದಲುಬದಲು ಮಾಡಿಕೊಟ್ಟಳು. ಗ್ರೂಪಿಗೆ: ‘ಹುಬ್ಬಳ್ಳಿ ಲೋಡ್ ಬೆಳಿಗ್ಗೆ ಬರಲ್ಲ, ಸಂಜೆ 5ಕ್ಕೆ. ಹಮಾಲರನ್ನ ಸಂಜೆಗೆ ಹೇಳಿ. ಡಿಪೋದವರು ಓಕೆ ಹಾಕಿ.’ ಸುದ್ದಿ, ಕೆಲಸ, ಯಾರ ಕೆಲಸ, ಅಷ್ಟೇ. ಇಮೇಲಿನ ವಿಷಯದ ಸಾಲಿಗೆ ಆರ್ಡರ್ ಸಂಖ್ಯೆ ಹಾಕಿ, ‘ಸರಕು ಜೂನ್ 13ರ ಸಂಜೆ 5ಕ್ಕೆ ತಲುಪಲಿದೆ’ ಎಂದು ಬರೆದಳು. ಒಳಗೆ ‘ಆ ಗಾಡಿ’ ಹೋಗಿ ಲಾರಿಯ ನಂಬರ್ ಬಂತು, ‘ಕೈಕೊಡ್ತು’ ಹೋಗಿ ಗೇರ್‌ಬಾಕ್ಸ್ ಬಂತು, ಇಮೋಜಿ ಹೋಗಿ ‘ತಡವಾದುದಕ್ಕೆ ವಿಷಾದಿಸುತ್ತೇವೆ’ ಎಂದು ಒಂದೇ ಸಲ ಬಂತು. ವಾಟ್ಸಾಪ್ ಓದುವವರಿಗೆ ಹಿಂದಿನ ಮಾತು ಗೊತ್ತಿರುತ್ತದೆ. ಇಮೇಲ್ ಯಾರ ಕೈಗೆ, ಯಾವತ್ತು ಸಿಕ್ಕೀತೋ ಹೇಳಲಾಗದು ಎಂಬುದು ಅವಳ ವಾದ. ತಡವಾದದ್ದಕ್ಕೆ ದಂಡ ಹಾಕುವ ಗಿರಾಕಿಯಾದರೆ ಗ್ರೂಪಿನಲ್ಲಿ ಹೇಳಿದ್ದನ್ನೂ ಇಮೇಲಿನಲ್ಲಿ ಇನ್ನೊಮ್ಮೆ ಹೇಳಬೇಕು ಎಂದೂ ಸೇರಿಸಿದಳು.

ರಾಯರು ಎರಡನ್ನೂ ಕನ್ನಡಕ ಏರಿಸಿ ಓದಿದರು. ‘ಚೆನ್ನಾಗಿದೆ ಕಣಮ್ಮ, ಆದರೆ ಮರ್ಯಾದೆ ಕಮ್ಮಿ ಆಯ್ತು’ ಎಂದು ಗ್ರೂಪಿನ ಸಂದೇಶದ ತಲೆಗೆ ‘ಮಾನ್ಯರೇ’ ಸೇರಿಸಿಯೇ ಬಿಟ್ಟರು. ಈ ವರ್ಷ ಅವರಿಗೆ ಬಡ್ತಿ ಸಿಕ್ಕಿದೆ. ಸೆಕ್ಷನ್ನಿನ ಇಮೇಲ್‌ಗಳೆಲ್ಲ ಈಗ ಅವರು ತಿದ್ದಿದ ಮೇಲೆಯೇ ಹೊರಗೆ ಹೋಗುತ್ತವೆ.