ಬಂಡವಾಳದ ಲಾಭ, ಬರವಣಿಗೆಯ ನಷ್ಟ

ಸರ್ಕಾರದಿಂದ ಪ್ರಜೆಗೆ ಬರುವ ಪತ್ರಗಳಲ್ಲಿ ಕಾರಣ ಕೇಳುವ ನೋಟೀಸಿನಷ್ಟು ಸೌಜನ್ಯಯುತವಾದುದು ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಅದು 'ನಿಮಗೆ ಕೊಡುವುದಿಲ್ಲ' ಎಂದು ಒರಟಾಗಿ ಹೇಳದೆ, 'ನಿಮಗೆ ಏಕೆ ಕೊಡದಿರಬಾರದೆಂಬುದನ್ನು ತಾವೇ ತಿಳಿಸಿರಿ' ಎಂದು ಆ ಭಾರವನ್ನು ನಮ್ಮ ಹೆಗಲಿಗೇ ಏರಿಸಿ, ಉತ್ತರಕ್ಕೆ ಗಡುವನ್ನೂ ದಯಪಾಲಿಸುತ್ತದೆ. ಅಂತಹದೊಂದು ನೋಟೀಸು 2024ರ ಜನವರಿಯಲ್ಲಿ, ಹಳೆಯ ಮನೆಯನ್ನು ಮಾರಿದ ಲಾಭವನ್ನು ಹೊಸ ಮನೆಗೆ ತೊಡಗಿಸಿದ್ದೇನೆಂದು ಆದಾಯ ತೆರಿಗೆ ಕಾಯಿದೆಯ 54ನೆಯ ಕಲಮಿನಂತೆ ನಾನು ಕೇಳಿದ್ದ ವಿನಾಯಿತಿಯ ವಿಷಯವಾಗಿ ಬಂದಿತು.

ನನ್ನ ಆಡಿಟರು ಒಂದು ಕಾಲದಲ್ಲಿ ನನ್ನಲ್ಲಿ ಕನ್ನಡ ಓದಿದ ಹುಡುಗ. ಪ್ರಬಂಧವನ್ನು ನಾಲ್ಕೇ ವಾಕ್ಯಗಳಲ್ಲಿ ಮುಗಿಸುತ್ತಿದ್ದ ಕಾರಣಕ್ಕಾಗಿ ನಾನು ಅವನಿಗೆ ಅಂಕಗಳನ್ನು ಕಡಿದದ್ದುಂಟು. ಆತನು ನೋಟೀಸನ್ನು ಓದುವುದಕ್ಕೆ ಮೊದಲು ಅದರ ತಲೆಯ ಮೇಲಿದ್ದ ಉದ್ದನೆಯ ಡಿಐಎನ್ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ, ಪತ್ರವು ನಿಜವಾದದ್ದೇ ಎಂದು ಖಚಿತಪಡಿಸಿಕೊಂಡನು. 2019ರ ಅಕ್ಟೋಬರಿನಿಂದೀಚೆಗೆ ಇಂತಹ ಪತ್ರಗಳಿಗೆ ಆ ಸಂಖ್ಯೆ ಇರಲೇಬೇಕಂತೆ. ನೋಟೀಸು ಸುಳ್ಳಾಗಿರಲೆಂದು ನಾನು ಮನಸ್ಸಿನಲ್ಲಿಯೇ ಪ್ರಾರ್ಥಿಸುತ್ತಿದ್ದೆನು. ಅದು ಸತ್ಯವೇ ಆಗಿತ್ತು.

ಸಂಗತಿ ಇಷ್ಟು. 1994ರಲ್ಲಿ ಕೊಂಡಿದ್ದ ಶಿವಮೊಗ್ಗೆಯ ಮನೆಯನ್ನು ನಾನು 2021ರ ಆಗಸ್ಟ್ 12ರಂದು 62 ಲಕ್ಷ ರೂಪಾಯಿಗೆ ಮಾರಿದೆನು. ಕೊಂಡ ಬೆಲೆಗೆ ಬದಲಾಗಿ 2001ರ ಏಪ್ರಿಲ್ 1ರಂದು ಆ ಮನೆಗಿದ್ದ ಪೇಟೆಯ ಬೆಲೆಯನ್ನು ಹಿಡಿಯಲು ಕಾಯಿದೆ ಅವಕಾಶ ಕೊಡುವುದರಿಂದ, ನೋಂದಾಯಿತ ಮೌಲ್ಯಮಾಪಕರು ಬರೆದುಕೊಟ್ಟ 6 ಲಕ್ಷವನ್ನು ಹಣದುಬ್ಬರದ ಸೂಚ್ಯಂಕದಿಂದ, ಅಂದರೆ ಆ ವರ್ಷದ 317ರಿಂದ ಗುಣಿಸಿ 100ರಿಂದ ಭಾಗಿಸಲು, 19 ಲಕ್ಷದ 2 ಸಾವಿರವಾಯಿತು. ಅದನ್ನು ಕಳೆದು ಉಳಿದ 42 ಲಕ್ಷದ 98 ಸಾವಿರವೇ ಲಾಭ. ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಇನ್ನೊಂದು ಮನೆಯನ್ನು ಕೊಂಡರೆ, ಇಲ್ಲವೆ ಮೂರು ವರ್ಷದೊಳಗೆ ಕಟ್ಟಿಸಿದರೆ, ತೊಡಗಿಸಿದಷ್ಟು ಲಾಭಕ್ಕೆ ತೆರಿಗೆಯಿಲ್ಲ. ನಾನು ಮಗಳ ಊರಿನಲ್ಲಿ, ಮೊದಲೇ ಇದ್ದ ನಿವೇಶನದಲ್ಲಿ, ಮನೆ ಕಟ್ಟಿಸಿದೆನು.

ನೋಟೀಸಿನ ಆಕ್ಷೇಪಣೆಗಳು ಎರಡು. ನಕ್ಷೆಯ ಮಂಜೂರಾತಿಯನ್ನೂ ಬ್ಯಾಂಕಿನ ಪಾವತಿಗಳನ್ನೂ ನೋಡಿದರೆ ಕಟ್ಟಡದ ಕೆಲಸವು ಹಳೆಯ ಮನೆಯ ಮಾರಾಟಕ್ಕೆ ಮೊದಲೇ, 2021ರ ಫೆಬ್ರವರಿಯಲ್ಲಿಯೇ, ಆರಂಭವಾದಂತೆ ಕಾಣುತ್ತದೆಯಾದ್ದರಿಂದ, ಮಾರಿದ ಲಾಭದಿಂದ ಅದನ್ನು ಕಟ್ಟಿಸಿದಿರೆಂದು ಹೇಗೆ ನಂಬುವುದು? ಕಂಪ್ಲೀಷನ್ ಸರ್ಟಿಫಿಕೇಟು ಸಲ್ಲಿಸಿಲ್ಲವಾದ್ದರಿಂದ, ಮನೆ ಎಂಬುದೊಂದು ಇದೆಯೆಂದಾದರೂ ಹೇಗೆ ನಂಬುವುದು? ಈ ಎರಡನೆಯ ಪ್ರಶ್ನೆಯನ್ನು ನಾನು ಆ ಮನೆಯ ಜಗಲಿಯ ಮೇಲೆಯೇ ಕುಳಿತು ಓದಿದೆನಾಗಿ, ವೇದಾಂತಿಗಳಿಗೆ ಸಲ್ಲತಕ್ಕ ಒಂದು ಸಂದಿಗ್ಧತೆಯು ನನಗೂ ಕ್ಷಣಕಾಲ ಪ್ರಾಪ್ತವಾಯಿತು.

ಆ ರಾತ್ರಿಯೇ ಉತ್ತರದ ಕರಡನ್ನು ಬರೆದೆನು. ಶಿವಮೊಗ್ಗೆಯ ಮನೆಯ ಹಿತ್ತಲಿನ ಹಲಸು, ಅದನ್ನು ಬಿಟ್ಟು ಬರುವಾಗ ನನ್ನ ಪತ್ನಿ ಹಾಕಿದ ಕಣ್ಣೀರು, ವಾರ್ಧಕ್ಯದಲ್ಲಿ ಮಕ್ಕಳ ಸಾಮೀಪ್ಯವನ್ನು ಬಯಸುವ ಮಾನವಸಹಜವಾದ ದೌರ್ಬಲ್ಯ, ಇವೆಲ್ಲವೂ ಅದರಲ್ಲಿ ಯಥೋಚಿತವಾಗಿ ಬಂದಿದ್ದುವು. ಆಡಿಟರು ಕೆಂಪು ಪೆನ್ನನ್ನು ತೆಗೆದನು. ಹಲಸು ಮೊದಲು ಉರುಳಿತು. ಕಣ್ಣೀರಿಗೂ ಅದೇ ಗತಿಯಾಯಿತು.

"ಮೇಷ್ಟ್ರೇ, ಇದನ್ನು ಓದುವವರು ಯಾವ ಊರಿನಲ್ಲಿ ಕುಳಿತಿದ್ದಾರೋ ನಮಗೆ ಗೊತ್ತಿಲ್ಲ. ಅವರಿಗೆ ಮುಖವಿಲ್ಲ, ನಿಮಗೂ ಮುಖವಿಲ್ಲ. ಅವರಿಗೆ ಬೇಕಾದ್ದು ತಾರೀಕು, ಮೊತ್ತ, ಪುರಾವೆ."

"ಭಾಷೆಯೇ ಬೇಡವೇ?"

"ಬೇಕು, ಮೇಷ್ಟ್ರೇ. 'ಅನುಬಂಧ ಒಂದನ್ನು ನೋಡಿ' ಅನ್ನುವಷ್ಟು."

ಮೊದಲನೆಯ ಆಕ್ಷೇಪಣೆಗೆ ಆತನು ನಮ್ಮ ಹೈಕೋರ್ಟಿನದೇ ಒಂದು ತೀರ್ಪನ್ನು ತೆಗೆದಿಟ್ಟನು. 1987ರ ವರದಿಗಳಲ್ಲಿ ಪ್ರಕಟವಾಗಿರುವ ಜೆ.ಆರ್. ಸುಬ್ರಹ್ಮಣ್ಯ ಭಟ್ಟರ ಪ್ರಕರಣದಲ್ಲಿಯೂ ಹಳೆಯದು ಮಾರಾಟವಾಗುವುದಕ್ಕೆ ಮೊದಲೇ ಹೊಸದರ ಕೆಲಸ ಶುರುವಾಗಿತ್ತು. ಕಟ್ಟಡವು ನಿಗದಿಯಾದ ಅವಧಿಯೊಳಗೆ ಮುಗಿಯಿತೇ ಎಂಬುದಷ್ಟೇ ಮುಖ್ಯ, ಎಂದು ಆರಂಭಿಸಿದರೆಂಬುದು ಅಪ್ರಸ್ತುತ, ಎಂದು ನ್ಯಾಯಾಲಯ ಹೇಳಿತು. ಇಷ್ಟು ಗೆದ್ದಮೇಲೆ ಗುದ್ದಲಿ ಪೂಜೆಯ ದಕ್ಷಿಣೆಯಿಂದ ಹಿಡಿದು ಪಾಯದ ಕಲ್ಲಿನವರೆಗೆ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಬಹುದೆಂದು ನಾನು ಹಿಗ್ಗುತ್ತಿರುವಾಗ, ಆತನು ಮಾರಾಟಕ್ಕೆ ಮುಂಚೆ ಪಾಯಕ್ಕೆ ಖರ್ಚಾದ 5 ಲಕ್ಷವನ್ನು ತಾನಾಗಿಯೇ ಹೊರಗಿಟ್ಟನು. ಆ ಹಣ ಸಲ್ಲುವುದೋ ಇಲ್ಲವೋ ಎಂಬುದು ಬೇರೆ ವಾದ. ಅದಿಲ್ಲದೆಯೇ ಲೆಕ್ಕ ಸರಿಹೋಗುವಾಗ ಅದನ್ನು ಸೇರಿಸಿ ಜಗಳಕ್ಕೆ ಬಾಗಿಲು ತೆರೆಯುವುದೇಕೆ?

ಸರಿಹೋದ ಬಗೆ ಹೀಗೆ. ಮಾರಿದ ದಿನದಿಂದ ರಿಟರ್ನು ಸಲ್ಲಿಸುವ ಕಡೆಯ ದಿನವಾದ 2022ರ ಜುಲೈ 31ರವರೆಗೆ ಕಟ್ಟಡಕ್ಕೆ 36 ಲಕ್ಷ ವ್ಯಯವಾಗಿತ್ತು. ಮೂರು ವರ್ಷದ ಕಾಲಾವಕಾಶವನ್ನು ನಂಬಿ ಮಿಕ್ಕ ಹಣವನ್ನು ಸಾಧಾರಣ ಉಳಿತಾಯ ಖಾತೆಯಲ್ಲಿ ಮಲಗಿಸುವವರು ಕೆಡುವುದು ಇಲ್ಲಿಯೇ; ಖರ್ಚಾಗದೆ ಉಳಿದ ಲಾಭವನ್ನು ಆ ತಾರೀಕಿನೊಳಗಾಗಿ 1988ರ ಕ್ಯಾಪಿಟಲ್ ಗೇನ್ಸ್ ಖಾತೆಯ ಯೋಜನೆಯಂತೆ ಬ್ಯಾಂಕಿನಲ್ಲಿ ಬೇರೆಯಾಗಿ ಇಡತಕ್ಕದ್ದು. ಆಡಿಟರ ಒತ್ತಾಯದಿಂದ ಜುಲೈ 27ರಂದು 7 ಲಕ್ಷವನ್ನು ಹಾಗೆ ಇಟ್ಟಿದ್ದೆನು. ಎರಡೂ ಕೂಡಿ 43 ಲಕ್ಷ. ಆ ಖಾತೆಯಾದರೋ ಸ್ವಂತ ಹಣವನ್ನು ಪರರದೆಂಬಂತೆ ಕಾಣುವ ವೈರಾಗ್ಯವನ್ನು ಕಲಿಸುವಂತಹುದು. ಹಣ ತೆಗೆಯಲು ಮೊದಲ ಸಲ 'ಸಿ' ನಮೂನೆ, ಆಮೇಲೆ ಹಿಂದಿನದನ್ನು ಏನು ಮಾಡಿದೆನೆಂದು ಒಪ್ಪಿಸುವ 'ಡಿ' ನಮೂನೆ. ತೆಗೆದದ್ದನ್ನು 60 ದಿನದೊಳಗೆ ಉಪಯೋಗಿಸಬೇಕು. 25 ಸಾವಿರಕ್ಕೆ ಮೀರಿದರೆ, ಆಗ ಇದ್ದ ನಿಯಮದಂತೆ, ಹಣ ಸಲ್ಲಬೇಕಾದವನ ಹೆಸರಿಗೇ ಡಿಮಾಂಡ್ ಡ್ರಾಫ್ಟು. ಕಿಟಕಿಯ ಅಂಗಡಿಯವನು ಆ ಡ್ರಾಫ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ ರೀತಿಯಿಂದ, ನಾನು ಅದನ್ನು ವಸ್ತುಸಂಗ್ರಹಾಲಯದಿಂದ ತಂದೆನೋ ಎಂಬ ಭಾವನೆ ಅವನಿಗೆ ಬಂದಿರಬೇಕು.

ಮನೆ ಇದೆಯೆಂದು ಸಾಧಿಸುವುದು ಮಾತ್ರ ಸುಲಭವಾಗಿರಲಿಲ್ಲ. ಸರ್ಟಿಫಿಕೇಟಿನ ಅರ್ಜಿ ಇನ್ನೂ ಕಡತದಲ್ಲಿತ್ತು. ನಮ್ಮ ಮೇಸ್ತ್ರಿಯು ಪ್ರಾಮಾಣಿಕ, ಆದರೆ ಅವನ ಬರವಣಿಗೆ ಪ್ರಾಮಾಣಿಕತೆಗೆ ಸಾಕ್ಷಿಯಾಗುವಂತಹುದಲ್ಲ. ಶನಿವಾರದ ಬಟವಾಡೆಗಳಿಗೆಲ್ಲ ಅವನು ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ರಸೀತಿ ಬರೆದುಕೊಟ್ಟಿದ್ದನು. ತಾರಸಿಯ ಸೆಂಟ್ರಿಂಗಿಗೆ ಕೊಟ್ಟ ಮೊತ್ತದ ಮಗ್ಗುಲಲ್ಲಿ ವಧೂವರರ ಹೆಸರುಗಳು ಬಂಗಾರದ ಅಕ್ಷರಗಳಲ್ಲಿ ಹೊಳೆಯುತ್ತಿದ್ದುವು. ಆಡಿಟರು ಅವುಗಳನ್ನು ಎಸೆಯಲಿಲ್ಲ, ಮುಂದಕ್ಕೂ ಇಡಲಿಲ್ಲ. ಬ್ಯಾಂಕಿನ ಮೂಲಕ ಹೋದ ಸಿಮೆಂಟು, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡುಗಳ ಬಿಲ್ಲುಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಪಾಸುಪುಸ್ತಕದ ಸಾಲನ್ನು ಹೊಂದಿಸಿದನು; ನಗದು ಬಟವಾಡೆಯನ್ನು ಅದೇ ವಾರ ಬ್ಯಾಂಕಿನಿಂದ ತೆಗೆದ ಹಣದೊಡನೆ ತಾಳೆ ಮಾಡಿದನು; ಒಟ್ಟು ವೆಚ್ಚಕ್ಕೆ ಎಂಜಿನಿಯರರ ಮೌಲ್ಯಮಾಪನ ಪತ್ರವನ್ನು ಆಧಾರವಾಗಿಟ್ಟನು. ಮನೆ 2023ರ ಮಾರ್ಚಿಯಲ್ಲಿ ಮುಗಿಯಿತೆಂಬುದಕ್ಕೆ ಕಾಯಂ ವಿದ್ಯುತ್ ಸಂಪರ್ಕದ ಪತ್ರ, ಅಲ್ಲಿಂದಾಚೆಯ ಬಿಲ್ಲುಗಳು, ಕಂದಾಯದ ರಸೀತಿ. ಸರ್ಟಿಫಿಕೇಟಿಲ್ಲದ ಕೊರತೆಗೆ 2012ರ ಸಂಬಂಧಂ ಉದಯಕುಮಾರ್ ತೀರ್ಪು: ಹಣವನ್ನು ಅವಧಿಯೊಳಗೆ ವಾಸದ ಮನೆಗೆ ತೊಡಗಿಸಿದ್ದರೆ, ಕಟ್ಟಡ ಎಲ್ಲ ರೀತಿಯಿಂದಲೂ ಪೂರ್ಣವಾಗಿಲ್ಲವೆಂದು ವಿನಾಯಿತಿಯನ್ನು ಕಸಿಯಬಾರದೆಂದು ಕರ್ನಾಟಕ ಹೈಕೋರ್ಟು ಅದರಲ್ಲಿ ಹೇಳಿತ್ತು. ಗೃಹಪ್ರವೇಶದ ಆಮಂತ್ರಣಪತ್ರಿಕೆಯನ್ನು ಕಡೆಯ ಅನುಬಂಧವಾಗಿ ಸೇರಿಸಲು ಆತನು ಒಪ್ಪಿದನು. ಅದರಲ್ಲಿ ತಾರೀಕು ಇತ್ತು.

ಉತ್ತರವು ಒಂದೂವರೆ ಪುಟಕ್ಕೆ ಇಳಿದು, ಅನುಬಂಧಗಳೊಡನೆ ಪೋರ್ಟಲಿಗೆ ಏರಿ, ಸ್ವೀಕೃತಿಯ ಸಂಖ್ಯೆಯೊಂದು ಬಂದಿತು. ಆ ಅಧಿಕಾರಿ ಯಾರೇ ಆಗಿರಲಿ, ಓದಿದವರು ಓದಿಯೇ ಓದಿದರು. ಮಾರ್ಚಿಯಲ್ಲಿ ಬಂದ ಆದೇಶವು ವಿನಾಯಿತಿಯನ್ನು ಪೂರ್ತಿಯಾಗಿ ಒಪ್ಪಿತ್ತು. ಆ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಬಡ್ಡಿಯ ಕೆಲವು ನೂರು ರೂಪಾಯಿ ಇನ್ನೂ ಉಳಿದಿವೆ. ಅದನ್ನು ಮುಚ್ಚಬೇಕಾದರೆ 'ಜಿ' ನಮೂನೆಗೆ ತೆರಿಗೆ ಅಧಿಕಾರಿಯ ಒಪ್ಪಿಗೆ ಬೇಕಾದ್ದರಿಂದ, ಅದು ಹಾಗೆಯೇ ಇರಲೆಂದು ನಿಶ್ಚಯಿಸಿದ್ದೇನೆ.

ಕಳೆದ ವರ್ಷ ದಲ್ಲಾಳಿಯೊಬ್ಬನು ಗೇಟಿನ ಬಳಿ ನಿಂತು, ಒಳ್ಳೆಯ ಗಿರಾಕಿ ಇದ್ದಾರೆ, ಮನೆ ಕೊಡುತ್ತೀರಾ ಎಂದು ಕೇಳಿದನು. ಕಟ್ಟಿ ಮೂರು ವರ್ಷವಾಗುವುದರೊಳಗೆ ಮಾರಿದರೆ, ಈಗ ಬಿಟ್ಟ ಲಾಭವನ್ನು ಹೊಸ ಮನೆಯ ವೆಚ್ಚದ ಲೆಕ್ಕದಿಂದ ಕಳೆದು ಮತ್ತೆ ತೆರಿಗೆಗೆ ಎಳೆಯುತ್ತಾರೆಂಬುದನ್ನು ನಾನು ಅವನಿಗೆ ಸವಿಸ್ತಾರವಾಗಿ, ಪೂರ್ವಪಕ್ಷ ಸಿದ್ಧಾಂತಗಳೊಡನೆ ವಿವರಿಸಿದೆನು. ಅವನು ಶಾಂತವಾಗಿ ಕೇಳಿ, "ಹಾಗಾದರೆ 2026ರ ಏಪ್ರಿಲಿನಲ್ಲಿ ಬರ್ತೀನಿ ಸಾರ್" ಎಂದು ಡೈರಿಯಲ್ಲಿ ಬರೆದುಕೊಂಡು ಹೋದನು.